ಶಾಲೆಯಿಂದ ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ: ರೆಸ್ಯೂಮೆಯ ಮೂರು ಮಾದರಿಗಳಲ್ಲಿ ಯಾವುದು?

ಪ್ರಶ್ನೆ: ನಾನು ಬಿ.ಎಸ್ಸಿ., ಬಿ.ಇಡಿ. ಓದಿದ್ದೇನೆ. 2015ರ ಜೂನ್‌ನಿಂದ 2020ರ ಮಾರ್ಚ್‌ವರೆಗೆ ಜಮಖಂಡಿಯಲ್ಲಿ, 2021ರ ಜುಲೈಯಿಂದ 2025ರ ಏಪ್ರಿಲ್‌ವರೆಗೆ ಬೆಳಗಾವಿಯಲ್ಲಿ, ಖಾಸಗಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದೆ. ನಡುವೆ ಕೊರೊನಾ ಕಾಲದಲ್ಲಿ ಕೆಲಸವಿರಲಿಲ್ಲ, ಮನೆಪಾಠ ಹೇಳಿದೆ. ಈಗ ಆರು ತಿಂಗಳ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮುಗಿಸಿದ್ದೇನೆ. ರೆಸ್ಯೂಮೆಯನ್ನು ಕಾಲಾನುಕ್ರಮದಲ್ಲಿ ಬರೆದರೆ ಟೀಚರ್ ಎಂದು ಬದಿಗಿಡುತ್ತಾರೆ, ಬರೀ ಕೌಶಲಗಳ ಮಾದರಿಯಲ್ಲಿ ಬರೆಯಿರಿ ಎಂದು ಕೋರ್ಸಿನವರು ಹೇಳುತ್ತಾರೆ. ಎರಡನ್ನೂ ಬೆರೆಸಿದ ಮಿಶ್ರ ಮಾದರಿಯೂ ಇದೆಯಂತೆ. ನನಗೆ ಯಾವುದು ಸರಿ? — ಒಬ್ಬ ಶಿಕ್ಷಕಿ, ಬೆಳಗಾವಿ

ಉತ್ತರ: ನಿಮಗೆ ಹೊಂದುವುದು ಮಿಶ್ರ ಮಾದರಿಯೇ. ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಮೊದಲ ಅರ್ಧದಲ್ಲಿ ಬರೆಯುವ ಪ್ರತಿಯೊಂದು ಕೌಶಲಕ್ಕೂ ಅದೇ ಹಾಳೆಯ ಕೆಳಭಾಗದಲ್ಲಿ ಒಂದು ಆಧಾರ ಸಿಗಬೇಕು. ಎರಡೂ ಶಾಲೆಗಳ ಕೆಲಸ ತಿಂಗಳು, ವರ್ಷದ ಸಮೇತ ಪೂರ್ತಿಯಾಗಿ ಕಾಣಬೇಕು. ಕೋರ್ಸಿನವರು ಹೇಳಿದ ಕೌಶಲಾಧಾರಿತ ಮಾದರಿಯನ್ನು ಕಳುಹಿಸಬೇಡಿ ಎಂದೇ ನನ್ನ ಸಲಹೆ. ಅವರ ಸಲಹೆಯ ಹಿಂದಿರುವ ಆತಂಕ ಸುಳ್ಳಲ್ಲ, ಆದರೆ ಅದಕ್ಕೆ ಅವರು ಸೂಚಿಸುವ ಮದ್ದು ರೋಗಕ್ಕಿಂತ ಕೆಟ್ಟದ್ದು.

ಏಕೆಂದು ತಿಳಿಯಲು, ನಿಮ್ಮ ರೆಸ್ಯೂಮೆಯನ್ನು ಯಾರು ಯಾರು ಓದುತ್ತಾರೆ ಎಂಬುದನ್ನು ನೋಡಬೇಕು. ಉದ್ಯೋಗ ಪೋರ್ಟಲ್ ಮೂಲಕ ಅಥವಾ ಕಂಪನಿಯ ವೆಬ್‌ಸೈಟ್ ಮೂಲಕ ಅರ್ಜಿ ಹಾಕಿದರೆ, ಅದನ್ನು ಸಾಮಾನ್ಯವಾಗಿ ಮೊದಲು ಓದುವುದು ಒಂದು ತಂತ್ರಾಂಶ. ಅದು ಕಡತದಲ್ಲಿ ಪರಿಚಿತ ಶೀರ್ಷಿಕೆಗಳನ್ನು ಹುಡುಕಿ, ಸಂಸ್ಥೆಯ ಹೆಸರು, ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ ಎಂಬ ಜೋಡಣೆಯನ್ನು ಗುರುತಿಸಿ ಖಾನೆಗಳಿಗೆ ತುಂಬುತ್ತದೆ. ಎರಡನೆಯ ಓದುಗರು ಎಚ್.ಆರ್. ವಿಭಾಗದವರು, ಅವರಿಗೆ ಟೆಸ್ಟಿಂಗ್‌ನ ಒಳವಿವರ ಅಷ್ಟಾಗಿ ಗೊತ್ತಿರುವುದಿಲ್ಲ, ಆದರೆ ದಿನಾಂಕಗಳಲ್ಲಿ ಎಲ್ಲಿ ಬಿರುಕಿದೆ ಎಂಬುದು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಮೂರನೆಯವರು ಟೆಸ್ಟ್ ಲೀಡ್, ಅಂದರೆ ನಾಳೆ ನಿಮ್ಮಿಂದ ಕೆಲಸ ಮಾಡಿಸಿಕೊಳ್ಳುವವರು. ಅವರಿಗೆ ದಿನಾಂಕಗಳಿಗಿಂತ ತಂತ್ರಾಂಶವನ್ನು ಪರೀಕ್ಷಿಸಲು ನೀವು ಬರೆದ ಟೆಸ್ಟ್ ಕೇಸ್, ನೀವು ಕಂಡುಹಿಡಿದ ಬಗ್, ಅಂದರೆ ದೋಷ, ಮುಖ್ಯ.

ಕೌಶಲಾಧಾರಿತ ಮಾದರಿಯಲ್ಲಿ ಹಾಳೆಯ ಬಹುಭಾಗ 'ವಿಶ್ಲೇಷಣೆ', 'ಸಂವಹನ', 'ಮ್ಯಾನ್ಯುವಲ್ ಟೆಸ್ಟಿಂಗ್' ಎಂಬಂಥ ಗುಂಪುಗಳಾಗಿರುತ್ತದೆ, ಮತ್ತು ಕೆಲಸದ ಚರಿತ್ರೆ ಕೊನೆಯಲ್ಲಿ ಎರಡು ಸಾಲಿಗೆ ಇಳಿದಿರುತ್ತದೆ ಅಥವಾ ಮಾಯವಾಗಿರುತ್ತದೆ. ತಂತ್ರಾಂಶಕ್ಕೆ ಆ ಗುಂಪುಗಳನ್ನು ಯಾವ ಸಂಸ್ಥೆಗೂ ಯಾವ ಅವಧಿಗೂ ಜೋಡಿಸಲು ಬರುವುದಿಲ್ಲ, ಆದ್ದರಿಂದ ಅನುಭವದ ಖಾನೆ ಖಾಲಿ ಉಳಿಯಬಹುದು. ಎಚ್.ಆರ್. ವಿಭಾಗದವರು ಇಂಥ ಹಾಳೆ ಕಂಡ ಕೂಡಲೇ ಇದರಲ್ಲಿ ಏನನ್ನು ಮುಚ್ಚಿಟ್ಟಿದ್ದಾರೆ ಎಂದು ಹುಡುಕತೊಡಗುತ್ತಾರೆ. ನಿಮ್ಮ ವಿಷಯದಲ್ಲಿ ಮುಚ್ಚಿಡಬೇಕಾದದ್ದು ಏನೂ ಇಲ್ಲದಿದ್ದರೂ ಅನುಮಾನ ಮಾತ್ರ ಉಚಿತವಾಗಿ ಬಂದು ಕೂರುತ್ತದೆ. ಟೆಸ್ಟ್ ಲೀಡ್‌ಗೆ 'ಟೆಸ್ಟ್ ಕೇಸ್ ವಿನ್ಯಾಸದಲ್ಲಿ ಪರಿಣತಿ' ಎಂದು ಓದಿದಾಗ, ಯಾವ ತಂತ್ರಾಂಶಕ್ಕೆ, ಎಷ್ಟು, ಎಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಹೀಗೆ ಮೂವರೂ ಓದುಗರಿಗೆ ಅದು ತಲುಪುವುದಿಲ್ಲ.

ಇದಕ್ಕಿಂತ ಗಂಭೀರವಾದ ತೊಂದರೆ ಕೆಲಸ ಸಿಕ್ಕ ಮೇಲೆ ಬರುತ್ತದೆ. ಐಟಿ ಕಂಪನಿಗಳು ನೇಮಕದ ಮುನ್ನ ಅಥವಾ ನೇಮಕದ ಜೊತೆಗೇ ಹಿನ್ನೆಲೆ ಪರಿಶೀಲನೆ ಮಾಡಿಸುವುದು ರೂಢಿ. ಅನುಭವ ಪ್ರಮಾಣಪತ್ರ, ರಿಲೀವಿಂಗ್ ಲೆಟರ್ ಕೇಳುತ್ತಾರೆ. ನಿಮ್ಮ ಶಾಲೆಗಳಲ್ಲಿ ಭವಿಷ್ಯ ನಿಧಿ ಕಡಿತವಾಗುತ್ತಿದ್ದರೆ, ನಿಮ್ಮ ಯುಎಎನ್ ಖಾತೆಯ ಸೇವಾ ವಿವರದಲ್ಲಿ ಯಾವ ಸಂಸ್ಥೆಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬುದು ದಾಖಲಾಗಿರುತ್ತದೆ. ಕೆಲವು ತರಬೇತಿ ಕೇಂದ್ರಗಳು ಕೌಶಲಾಧಾರಿತ ಮಾದರಿಯನ್ನು ಮೊದಲ ಮೆಟ್ಟಿಲಾಗಿ ಕೊಟ್ಟು, ಮುಂದೆ 'ಎರಡು ವರ್ಷದ ಟೆಸ್ಟಿಂಗ್ ಅನುಭವ' ಎಂದು ಸೇರಿಸುವಂತೆ ಪುಸಲಾಯಿಸುತ್ತವೆ, ಅದಕ್ಕೆ ಬೇಕಾದ ಪತ್ರವನ್ನೂ ಕೊಡಿಸುತ್ತವೆ. ನಿಮ್ಮ ಕೋರ್ಸಿನವರು ಹಾಗೆಂದು ನಾನು ಹೇಳುತ್ತಿಲ್ಲ. ಆದರೆ ನೀವು ಬೆಳಗಾವಿಯ ತರಗತಿಯಲ್ಲಿ ಬೀಜಗಣಿತ ಕಲಿಸುತ್ತಿದ್ದ ತಿಂಗಳಲ್ಲೇ ಪುಣೆಯ ಯಾವುದೋ ಕಂಪನಿಯಲ್ಲಿ ಟೆಸ್ಟರ್ ಆಗಿದ್ದಿರಿ ಎಂದು ಹಾಳೆ ಹೇಳಿದರೆ, ಸಿಕ್ಕಿಬೀಳಲು ಒಂದು ದಾಖಲೆ ಸಾಕು.

ಶುದ್ಧ ಕಾಲಾನುಕ್ರಮದ ಮಾದರಿ, ಅಂದರೆ ಇತ್ತೀಚಿನ ಕೆಲಸದಿಂದ ಹಿಂದಕ್ಕೆ ಹೋಗುವ ಮಾದರಿ, ಈ ಮೂರರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು. ತಂತ್ರಾಂಶವೂ ಅದನ್ನು ಸಲೀಸಾಗಿ ಓದುತ್ತದೆ. ನಿಮಗೆ ಅದರಿಂದಾಗುವ ನಷ್ಟ ಒಂದೇ: ಹಾಳೆಯ ಮೊದಲ ಅರ್ಧ ಪೂರ್ತಿ 'ಗಣಿತ ಶಿಕ್ಷಕಿ' ಎಂದಿರುತ್ತದೆ, ಟೆಸ್ಟಿಂಗ್ ಎಂಬ ಪದ ಬರುವ ಹೊತ್ತಿಗೆ ಓದುಗರ ಬೆರಳು ಮುಂದಿನ ಅರ್ಜಿಗೆ ಹೋಗಿರುತ್ತದೆ. ಒಂದು ಕಡೆ ಮಾತ್ರ ಇದೇ ಮಾದರಿಯನ್ನು ಬಳಸಿ ಎನ್ನುತ್ತೇನೆ. ಶಾಲಾ ನಿರ್ವಹಣೆಯ ತಂತ್ರಾಂಶ, ಪರೀಕ್ಷಾ ಆ್ಯಪ್, ಆನ್‌ಲೈನ್ ಕಲಿಕೆಯ ಉತ್ಪನ್ನ ಮಾಡುವ ಕಂಪನಿಗೆ ಅರ್ಜಿ ಹಾಕುವಾಗ ನಿಮ್ಮ ಶಾಲಾ ಅನುಭವವೇ ನಿಮ್ಮ ದೊಡ್ಡ ಬಂಡವಾಳ. ಹಾಜರಿ, ಅಂಕಪಟ್ಟಿ, ಪಾಲಕರಿಗೆ ಹೋಗುವ ಸಂದೇಶ ಇವು ನಿಜವಾದ ಶಾಲೆಯಲ್ಲಿ ಹೇಗೆ ಕೆಡುತ್ತವೆ ಎಂಬುದು ಅಲ್ಲಿಯ ಟೆಸ್ಟರ್‌ಗಳಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಲ್ಲಿ ಶಿಕ್ಷಕಿ ಎಂಬುದು ಮೇಲೆಯೇ ಇರಲಿ.

ಉಳಿದ ಕಡೆಗಳಿಗೆ ಮಿಶ್ರ ಮಾದರಿ. ನಿಮ್ಮದೇ ವಿವರಗಳಿಂದ ಅದನ್ನು ಮೇಲಿನಿಂದ ಕೆಳಕ್ಕೆ ಕಟ್ಟಿ ತೋರಿಸುತ್ತೇನೆ. ನೀವು ಬರೆಯುವುದು ಇಂಗ್ಲಿಷಿನಲ್ಲಾದರೂ ತಿರುಳು ಇದೇ ಇರಲಿ.

ಹೆಸರು, ಊರು, ಮೊಬೈಲ್, ಇಮೇಲ್ ಆದ ಮೇಲೆ ಒಂದು ಸಾಲಿನ ತಲೆಬರಹ: 'ಸಾಫ್ಟ್‌ವೇರ್ ಟೆಸ್ಟರ್, ಆರಂಭಿಕ ಹಂತ, ಹಿಂದೆ ಪ್ರೌಢಶಾಲಾ ಗಣಿತ ಶಿಕ್ಷಕಿ'. ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿಬಿಟ್ಟರೆ ಕೆಳಗೆ ಶಾಲೆಯ ಹೆಸರು ಕಂಡಾಗ ಯಾರೂ ಬೆಚ್ಚುವುದಿಲ್ಲ. ಅದರ ಕೆಳಗೆ ಮೂರು ಸಾಲಿನ ಪರಿಚಯ: ಎಂಟು ವರ್ಷ ಎಂಟು ತಿಂಗಳು ಗಣಿತ ಬೋಧನೆ, 2025ರಲ್ಲಿ ಆರು ತಿಂಗಳ ಟೆಸ್ಟಿಂಗ್ ತರಬೇತಿ, ಮತ್ತು ಸ್ವಂತವಾಗಿ ಪರೀಕ್ಷಿಸಿದ ಒಂದು ಕೆಲಸದ ಉಲ್ಲೇಖ. 'ಕಠಿಣ ಪರಿಶ್ರಮಿ', 'ತಂಡದಲ್ಲಿ ಬೆರೆಯುವ ಸ್ವಭಾವ' ಇವೆಲ್ಲ ಇಲ್ಲಿ ಬೇಡ; ಆ ಜಾಗದಲ್ಲಿ ಇನ್ನೊಂದು ಸತ್ಯ ಸಂಗತಿ ಹಿಡಿಸುತ್ತದೆ.

ನಂತರ ಕೌಶಲಗಳ ಭಾಗ, ಐದಾರು ಸಾಲಿಗೆ ಮೀರದಂತೆ. ಟೆಸ್ಟ್ ಕೇಸ್ ಬರವಣಿಗೆ, ಗಡಿ ಮೌಲ್ಯಗಳ ಪರೀಕ್ಷೆ, ಬಗ್ ವರದಿ, ಬಗ್‌ಗಳನ್ನು ದಾಖಲಿಸುವ ಜೀರಾ ತಂತ್ರಾಂಶ, ಮೂಲಭೂತ ಎಸ್‌ಕ್ಯೂಎಲ್ ಹೀಗೆ. ಬ್ರೌಸರ್ ಪರೀಕ್ಷೆಗಳನ್ನು ತಾನೇ ನಡೆಸುವ ಸೆಲೆನಿಯಂ ಸಾಧನವನ್ನು ಕೋರ್ಸಿನಲ್ಲಿ ನಾಲ್ಕು ದಿನ ನೋಡಿದ್ದರೆ 'ಪ್ರಾಥಮಿಕ ಪರಿಚಯ' ಎಂದೇ ಬರೆಯಿರಿ, ಏಕೆಂದರೆ ಸಂದರ್ಶನದಲ್ಲಿ ಪುಟದ ಭಾಗಗಳನ್ನು ಗುರುತಿಸುವ ಲೊಕೇಟರ್‌ಗಳ ಬಗ್ಗೆ ಎರಡನೆಯ ಪ್ರಶ್ನೆಗೇ ನಿಜ ಹೊರಬೀಳುತ್ತದೆ. ಪ್ರತಿ ಸಾಲನ್ನೂ ಬರೆದ ಮೇಲೆ ಕೆಳಗೆ ಇಳಿದು ನೋಡಿ: ಇದನ್ನು ನಾನು ಎಲ್ಲಿ ಮಾಡಿದೆ ಎಂಬುದಕ್ಕೆ ಪ್ರಾಜೆಕ್ಟ್, ಕೋರ್ಸ್ ಅಥವಾ ಶಾಲೆ ಈ ಮೂರರಲ್ಲಿ ಒಂದು ಕಡೆಯಾದರೂ ಸಾಲೊಂದು ಇದೆಯೇ? ಇಲ್ಲದಿದ್ದರೆ ಆ ಕೌಶಲವನ್ನು ಅಳಿಸಿ. ಈ ಒಂದು ನಿಯಮ ತಪ್ಪಿದರೆ ಮಿಶ್ರ ಮಾದರಿ ಕೌಶಲಾಧಾರಿತ ಮಾದರಿಗೆ ವೇಷ ಹಾಕಿದಂತಾಗುತ್ತದೆ.

ಮೂರನೆಯದು ಪ್ರಾಜೆಕ್ಟ್. ನಿಮ್ಮ ಹಾಳೆಯಲ್ಲಿ ನಾನು ಅತಿ ಹೆಚ್ಚು ಜಾಗ ಕೊಡುವುದು ಇದಕ್ಕೆ. ಕೋರ್ಸಿನಿಂದ ಬರುವ ರೆಸ್ಯೂಮೆಗಳಲ್ಲಿ ಸಿಬ್ಬಂದಿ ನಿರ್ವಹಣೆಯ ತಂತ್ರಾಂಶವಾದ ಆರೆಂಜ್‌ಎಚ್‌ಆರ್‌ಎಂ ಡೆಮೊ ಸೈಟಿನ ಲಾಗಿನ್ ಪುಟಕ್ಕೆ ಬರೆದ ಟೆಸ್ಟ್ ಕೇಸ್‌ಗಳು ಎಷ್ಟು ಸಾಮಾನ್ಯವೆಂದರೆ, ಟೆಸ್ಟ್ ಲೀಡ್‌ಗಳು ಆ ಸಾಲನ್ನು ಓದದೆಯೇ ದಾಟುತ್ತಾರೆ. ನಿಮ್ಮ ಬಳಿ ಅದಕ್ಕಿಂತ ಒಳ್ಳೆಯ ಸರಕಿದೆ. ಶಾಲೆಯಲ್ಲಿ ಅಂಕ ಹಾಕಿದರೆ ಶ್ರೇಣಿ ತಾನೇ ಬರುವಂತೆ ಎಕ್ಸೆಲ್ ಹಾಳೆಯೊಂದನ್ನು ನೀವಾಗಲಿ ನಿಮ್ಮ ಸಹೋದ್ಯೋಗಿಗಳಾಗಲಿ ಮಾಡಿಯೇ ಇರುತ್ತೀರಿ. ಅದರ ಸೂತ್ರ ಸರಿಸುಮಾರು ಹೀಗಿರುತ್ತದೆ:

```
=IF(B2>=90,"A+",IF(B2>=70,"A",IF(B2>=50,"B+",IF(B2>=30,"B","C"))))
```

ಇದನ್ನು ಟೆಸ್ಟರ್‌ನ ಕಣ್ಣಿನಿಂದ ನೋಡಿ. ಮೊದಲು ಗಡಿಗಳು: 89, 90, 69, 70, 49, 50, 29, 30. ಇವೆಲ್ಲ ಸರಿಯಾಗಿ ಬರುತ್ತವೆ. 89.5 ಹಾಕಿದರೆ ಎ ಬರುತ್ತದೆ. ಶಾಲೆಯ ನಿಯಮ ಅದನ್ನು 90 ಎಂದು ಎಣಿಸುತ್ತದೆಯೇ ಎಂಬುದು ಕೇಳಿ ತಿಳಿಯಬೇಕಾದ ವಿಷಯ, ಸೂತ್ರದಿಂದ ತಿಳಿಯುವುದಲ್ಲ. ಅಂಕದ ಖಾನೆ ಖಾಲಿ ಬಿಟ್ಟರೆ ಎಕ್ಸೆಲ್ ಅದನ್ನು ಸೊನ್ನೆ ಎಂದು ಹಿಡಿದು ಸಿ ಕೊಡುತ್ತದೆ. 9 ಎಂದು ಒತ್ತಲು ಹೋಗಿ ಕೈ ತಪ್ಪಿ 900 ಎಂದಾದರೂ ಎ ಪ್ಲಸ್ ಬರುತ್ತದೆ. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಗೈರುಹಾಜರಾದ ಮಗುವಿನದು: ಅಂಕದ ಜಾಗದಲ್ಲಿ ನಾವು ರೂಢಿಯಂತೆ `AB` ಎಂದು ಬರೆದರೆ ಆ ಮಗುವಿಗೆ ಎ ಪ್ಲಸ್ ಸಿಗುತ್ತದೆ. ಎಕ್ಸೆಲ್‌ನಲ್ಲಿ ಅಕ್ಷರವನ್ನೂ ಸಂಖ್ಯೆಯನ್ನೂ ಹೋಲಿಸಿದಾಗ ಅಕ್ಷರವೇ ಯಾವಾಗಲೂ ದೊಡ್ಡದು, ಆದ್ದರಿಂದ ಮೊದಲ ಷರತ್ತೇ ನಿಜವಾಗಿಬಿಡುತ್ತದೆ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ 45 ಅಕ್ಷರ ರೂಪದಲ್ಲಿ ಬಂದು ಕೂತಿದ್ದರೂ ಇದೇ ಗತಿ, ಮತ್ತು ಅದು ಕಣ್ಣಿಗೆ ಸಂಖ್ಯೆಯಂತೆಯೇ ಕಾಣುವುದರಿಂದ ಇನ್ನೂ ಅಪಾಯಕಾರಿ.

ಇದನ್ನು ಮನೆಯಲ್ಲಿ ಮಾಡಿ ನೋಡಿ, ಮಕ್ಕಳ ನಿಜವಾದ ಹೆಸರು, ಅಂಕಗಳನ್ನು ಬಳಸದೆ ಕಲ್ಪಿತ ಹೆಸರುಗಳ ಹಾಳೆಯ ಮೇಲೆ. ಟೆಸ್ಟ್ ಕೇಸ್‌ಗಳನ್ನು ಒಂದು ಪಟ್ಟಿಯಾಗಿ, ಕಂಡ ದೋಷಗಳನ್ನು ಬಗ್ ವರದಿಗಳಾಗಿ ಬರೆದು, ಲಿಂಕ್ ಕೊಡಬಹುದಾದ ಒಂದು ಕಡೆ ಇಡಿ. ಬಗ್ ವರದಿಯಲ್ಲಿ ಏನು ಮಾಡಿದಾಗ ದೋಷ ಬಂತು ಎಂಬ ಹಂತಗಳು, ಬರಬೇಕಿದ್ದ ಫಲಿತಾಂಶ, ಬಂದ ಫಲಿತಾಂಶ, ತೀವ್ರತೆ ಇವು ಇರಲಿ. ರೆಸ್ಯೂಮೆಯ ಪ್ರಾಜೆಕ್ಟ್ ಭಾಗದಲ್ಲಿ ಅದು ಮೂರೇ ಸಾಲಾಗುತ್ತದೆ: ಏನನ್ನು ಪರೀಕ್ಷಿಸಿದಿರಿ, ಗಡಿ ಮೌಲ್ಯ ಮತ್ತು ಅಮಾನ್ಯ ನಮೂದುಗಳಿಗೆ ಎಷ್ಟು ಟೆಸ್ಟ್ ಕೇಸ್ ಬರೆದಿರಿ, ಗೈರುಹಾಜರಾದ ವಿದ್ಯಾರ್ಥಿಗೆ ಅತ್ಯುನ್ನತ ಶ್ರೇಣಿ ಕೊಡುವ ದೋಷವನ್ನು ಕಾರಣ ಸಹಿತ ವರದಿ ಮಾಡಿದಿರಿ. ಈ ಕೊನೆಯ ಸಾಲನ್ನು ಓದಿದ ಟೆಸ್ಟ್ ಲೀಡ್ ಸಂದರ್ಶನದಲ್ಲಿ ಅದರ ಬಗ್ಗೆಯೇ ಕೇಳುವ ಸಂಭವ ಹೆಚ್ಚು, ಮತ್ತು ಅದು ನಿಮಗೆ ಅಂಗೈ ಮೇಲಿನ ರೇಖೆಯಷ್ಟು ಪರಿಚಿತವಾದ ವಿಷಯ.

ನಾಲ್ಕನೆಯದು ಕೆಲಸದ ಚರಿತ್ರೆ, ಹೊಸದು ಮೇಲೆ, ಹಳೆಯದು ಕೆಳಗೆ. ಶಾಲೆಯ ಹೆಸರು, ಊರು, ಹುದ್ದೆ, ತಿಂಗಳು ಮತ್ತು ವರ್ಷ. ಹುದ್ದೆಯ ಹೆಸರನ್ನು ಬದಲಿಸಬೇಡಿ. 'ಸಹ ಶಿಕ್ಷಕಿ' ಎಂದು ನೇಮಕಾತಿ ಪತ್ರದಲ್ಲಿದ್ದರೆ ಅದೇ ಇರಲಿ, 'ಅಕಾಡೆಮಿಕ್ ಕ್ವಾಲಿಟಿ ಅನಲಿಸ್ಟ್' ಎಂಬ ಅಲಂಕಾರ ಬೇಡ. ಪ್ರತಿ ಶಾಲೆಯ ಕೆಳಗೆ ಎರಡು ಮೂರು ಸಾಲು ಸಾಕು, ಆದರೆ ಅವು ಟೆಸ್ಟಿಂಗ್‌ಗೆ ಹತ್ತಿರವಾದ ಕೆಲಸಗಳಾಗಿರಬೇಕು. ಪ್ರಶ್ನೆಪತ್ರಿಕೆಗೆ ಮೊದಲು ನೀಲನಕ್ಷೆ ಹಾಕುತ್ತಿದ್ದಿರಲ್ಲ, ಅಧ್ಯಾಯಗಳು ಒಂದು ಕಡೆ, ಜ್ಞಾನ, ತಿಳಿವಳಿಕೆ, ಅನ್ವಯ ಮುಂತಾದ ಉದ್ದಿಷ್ಟಗಳು ಇನ್ನೊಂದು ಕಡೆ, ಯಾವ ಅಧ್ಯಾಯವೂ ಬಿಟ್ಟುಹೋಗದಂತೆ: ಟೆಸ್ಟಿಂಗ್‌ನಲ್ಲಿ ಅಗತ್ಯಗಳಿಗೂ ಟೆಸ್ಟ್ ಕೇಸ್‌ಗಳಿಗೂ ನಂಟು ತೋರಿಸುವ ಟ್ರೇಸಬಿಲಿಟಿ ಪಟ್ಟಿಯ ಕೆಲಸ ಬಹುಪಾಲು ಇದೇ. ಮಾದರಿ ಉತ್ತರದ ಪ್ರಕಾರ ಹಂತ ಹಂತಕ್ಕೆ ಅಂಕ ಕೊಟ್ಟ ಮೌಲ್ಯಮಾಪನ, ವಿದ್ಯಾರ್ಥಿಗಳ ಮಾಹಿತಿ ಇಡುವ ಸರ್ಕಾರಿ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ತುಂಬಿದ ಮಾಹಿತಿಯನ್ನು ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡಿದ್ದು, ಇವೂ ಬರಬಹುದು. ನೀವು ನಿಜವಾಗಿ ಮಾಡಿದ್ದನ್ನಷ್ಟೇ ಬರೆಯಿರಿ. 'ಅರವತ್ತು ಮಂದಿ ಸ್ಟೇಕ್‌ಹೋಲ್ಡರ್‌ಗಳನ್ನು ನಿಭಾಯಿಸಿದೆ' ಎಂದು ಒಂಬತ್ತನೆಯ ತರಗತಿಯ ಮಕ್ಕಳನ್ನು ಬಣ್ಣಿಸುವ ಸಾಲುಗಳು ಇತ್ತೀಚೆಗೆ ಬಹಳ ಬರುತ್ತಿವೆ. ಓದುವವರು ನಗುತ್ತಾರೆ, ಅಷ್ಟೇ.

2020ರ ಏಪ್ರಿಲ್‌ನಿಂದ 2021ರ ಜೂನ್‌ವರೆಗಿನ ಹದಿನೈದು ತಿಂಗಳು ನಿಮ್ಮನ್ನು ಕಾಡುತ್ತಿದೆ ಎಂದು ಪ್ರಶ್ನೆಯ ಧಾಟಿಯಿಂದಲೇ ತಿಳಿಯುತ್ತದೆ. ಆ ಅವಧಿಯಲ್ಲಿ ಖಾಸಗಿ ಶಾಲೆಗಳ ಶಿಕ್ಷಕರಿಗೆ ಏನಾಯಿತು ಎಂಬುದು ಎಚ್.ಆರ್. ವಿಭಾಗದವರಿಗೂ ಗೊತ್ತು. ಎರಡು ಶಾಲೆಗಳ ನಡುವೆ ಅದೇ ಕ್ರಮದಲ್ಲಿ 'ಮನೆಪಾಠ, ಗಣಿತ, ಜಮಖಂಡಿ' ಎಂದು ಒಂದೇ ಸಾಲು, ತಿಂಗಳು ವರ್ಷದೊಂದಿಗೆ. ತಿಂಗಳು ಬಿಟ್ಟು ಬರೀ ವರ್ಷ ಬರೆದರೆ ಅಂತರ ಕಾಣುವುದಿಲ್ಲ ಎಂಬ ಉಪಾಯವನ್ನು ಯಾರಾದರೂ ಹೇಳಿಕೊಟ್ಟಾರು. ಪರಿಶೀಲನೆಯ ಅರ್ಜಿಯಲ್ಲಿ ತಿಂಗಳು ಕೇಳಿಯೇ ಕೇಳುತ್ತಾರೆ, ಆಗ ಎರಡು ಕಡೆ ಎರಡು ಬಗೆಯಾದರೆ ಇಲ್ಲದ ತಪ್ಪು ಹುಟ್ಟಿಕೊಳ್ಳುತ್ತದೆ.

ಟೆಸ್ಟಿಂಗ್ ಕೋರ್ಸನ್ನು ಕೆಲಸದ ಚರಿತ್ರೆಯಲ್ಲಿ ಸೇರಿಸದೆ, ಶಿಕ್ಷಣ ಮತ್ತು ತರಬೇತಿಯ ಭಾಗದಲ್ಲಿ ಬಿ.ಎಸ್ಸಿ., ಬಿ.ಇಡಿ.ಗಿಂತ ಮೇಲೆ ಇಡಿ. ಸಾಫ್ಟ್‌ವೇರ್ ಟೆಸ್ಟಿಂಗ್‌ನ ಅಂತರರಾಷ್ಟ್ರೀಯ ಪ್ರಮಾಣಪತ್ರ ಕೊಡುವ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆ ಬರೆದು ಪಾಸಾಗಿದ್ದರೆ ಅದೂ ಅಲ್ಲಿಯೇ. 40 ಪ್ರಶ್ನೆಗಳಲ್ಲಿ 26 ಸರಿಯಾದರೆ ಪಾಸಾಗುವ ಪರೀಕ್ಷೆ ಅದು. ಇಷ್ಟು ವರ್ಷ ಪಾಠ ಮಾಡಿದವರಿಗೆ ಓದಿ ಬರೆಯುವುದು ಹೊರೆಯಾಗಲಾರದು. ಇನ್ನೂ ಬರೆದಿಲ್ಲವಾದರೆ, ದಿನಾಂಕ ಗೊತ್ತುಮಾಡಿಕೊಳ್ಳುವವರೆಗೆ ಅದರ ಹೆಸರು ಬೇಡ.

ಇಷ್ಟೆಲ್ಲ ಒಂದೂವರೆ ಪುಟವಾಗುತ್ತದೆ. ಮಿಶ್ರ ಮಾದರಿಯ ಸಹಜ ರೋಗವೆಂದರೆ ಒಂದೇ ಮಾತು ಪರಿಚಯದಲ್ಲಿ, ಕೌಶಲದಲ್ಲಿ, ಪ್ರಾಜೆಕ್ಟಿನಲ್ಲಿ ಮೂರು ಸಲ ಬರುವುದು. ಎರಡು ಪುಟ ಮೀರಿದರೆ ಶಾಲೆಯ ಸಾಲುಗಳನ್ನು ಕತ್ತರಿಸುವ ಮೊದಲು ಪರಿಚಯವನ್ನು ಕತ್ತರಿಸಿ.

ರೂಪದ ಬಗ್ಗೆ ಒಂದೇ ಎಚ್ಚರಿಕೆ. ಎರಡು ಅಂಕಣದ, ಬಣ್ಣದ ಪಟ್ಟಿಯ ಟೆಂಪ್ಲೇಟ್‌ಗಳಲ್ಲಿ ತಂತ್ರಾಂಶವು ಎಡ ಅಂಕಣದ ಕೌಶಲಗಳನ್ನೂ ಬಲ ಅಂಕಣದ ದಿನಾಂಕಗಳನ್ನೂ ಕಲಸಿಬಿಡಬಹುದು. ಒಂದೇ ಅಂಕಣ ಬಳಸಿ. ಶೀರ್ಷಿಕೆಗಳು `Skills`, `Projects`, `Work Experience`, `Education` ಎಂಬ ಸಾದಾ ಹೆಸರುಗಳೇ ಇರಲಿ. ಮೊಬೈಲ್ ಸಂಖ್ಯೆಯನ್ನು ಪುಟದ ಹೆಡರ್‌ನಲ್ಲಿ ಇಡದೆ ಪುಟದೊಳಗೇ ಬರೆಯಿರಿ. ಪಿಡಿಎಫ್ ಆದ ಮೇಲೆ ಅದನ್ನು ತೆರೆದು ಎಲ್ಲವನ್ನೂ ಆಯ್ದು ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಅಲ್ಲಿ ಶಾಲೆಯ ಹೆಸರಿನ ಪಕ್ಕದಲ್ಲೇ ಅದರ ದಿನಾಂಕ ಬಂದಿದ್ದರೆ ತಂತ್ರಾಂಶಕ್ಕೂ ಬಹುಮಟ್ಟಿಗೆ ಹಾಗೆಯೇ ಕಾಣುತ್ತದೆ. ದಿನಾಂಕಗಳೆಲ್ಲ ಒಟ್ಟಾಗಿ ಕೊನೆಯಲ್ಲಿ ಬಿದ್ದಿದ್ದರೆ ಟೆಂಪ್ಲೇಟ್ ಬದಲಿಸಿ.

ಹಾಳೆ ಎಷ್ಟೇ ಚೆನ್ನಾಗಿದ್ದರೂ ಪೋರ್ಟಲ್‌ನ ಅರ್ಜಿಯಲ್ಲಿ ಒಂದು ಖಾನೆ ನಿಮ್ಮನ್ನು ಪೇಚಿಗೆ ಸಿಲುಕಿಸುತ್ತದೆ, ಅದು ಒಟ್ಟು ಅನುಭವ. ಎಂಟು ವರ್ಷ ಎಂದು ತುಂಬಿದರೆ ಎಂಟು ವರ್ಷದ ಟೆಸ್ಟರ್‌ಗಳನ್ನು ಹುಡುಕುವವರ ಕಣ್ಣಿಗೆ ಬೀಳುತ್ತೀರಿ, ಫ್ರೆಶರ್‌ಗಳನ್ನು ಹುಡುಕುವವರ ಸೋಸುವಿಕೆಯಲ್ಲಿ ಹೊರಗುಳಿಯುತ್ತೀರಿ. ಹಾಗೆಂದು ಸೊನ್ನೆ ತುಂಬುವುದು ಸುಳ್ಳು. ಒಟ್ಟು ಎಂದು ಕೇಳಿದಲ್ಲಿ ಒಟ್ಟು ಬರೆಯಿರಿ, ಸಂಬಂಧಿತ ಅನುಭವ ಎಂದು ಕೇಳಿದಲ್ಲಿ ಸೊನ್ನೆ ಬರೆಯಿರಿ, ಪ್ರೊಫೈಲ್‌ನ ತಲೆಬರಹದಲ್ಲಿ ಆರಂಭಿಕ ಹಂತದ ಟೆಸ್ಟಿಂಗ್ ಹುದ್ದೆ ಬೇಕು ಎಂದು ಸ್ಪಷ್ಟಪಡಿಸಿ. ಈ ಕಾರಣಕ್ಕೇ ಪೋರ್ಟಲ್ ಹುಡುಕಾಟದಲ್ಲಿ ತಾವಾಗಿ ಬರುವ ಕರೆಗಳು ನಿಮಗೆ ಕಡಿಮೆಯೇ ಇರುತ್ತವೆ. ಹುದ್ದೆಯ ಜಾಹೀರಾತು ನೋಡಿ ನೇರವಾಗಿ ಹಾಕುವ ಅರ್ಜಿ, ಪುಣೆ ಅಥವಾ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವ ಪರಿಚಯದವರು ಒಳಗಿನಿಂದ ಕಳುಹಿಸುವ ರೆಸ್ಯೂಮೆ, ಇವೇ ಹೆಚ್ಚು ಫಲ ಕೊಡುತ್ತವೆ.

ಮಾದರಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅರ್ಜಿಗಳು ಎಲ್ಲಿ ನಿಲ್ಲುತ್ತಿವೆ ಎಂದು ಗಮನಿಸಿ. ಇಪ್ಪತ್ತು ಮೂವತ್ತು ಅರ್ಜಿಗಳಿಗೂ ಒಂದೂ ಕರೆ ಬಾರದಿದ್ದರೆ ಹಾಳೆಯ ಮೇಲರ್ಧವನ್ನೂ ನೋಟ್‌ಪ್ಯಾಡ್ ಪರೀಕ್ಷೆಯನ್ನೂ ಮತ್ತೆ ನೋಡಿ, ಜೊತೆಗೆ ಅನುಭವಿಗಳನ್ನೇ ಕೇಳುವ ಹುದ್ದೆಗಳಿಗೆ ಅರ್ಜಿ ಹಾಕುತ್ತಿಲ್ಲವಷ್ಟೇ ಎಂದು ನೋಡಿಕೊಳ್ಳಿ. ಎಚ್.ಆರ್. ಮಾತಾಡಿ ಅಲ್ಲಿಗೇ ನಿಂತರೆ ದಿನಾಂಕ ಅಥವಾ ಸಂಬಳದ ನಿರೀಕ್ಷೆಯಲ್ಲಿ ಏನೋ ಸಿಕ್ಕಿಕೊಂಡಿದೆ. ತಾಂತ್ರಿಕ ಸುತ್ತಿನಲ್ಲಿ ಸೋತರೆ ರೆಸ್ಯೂಮೆಯನ್ನು ಮುಟ್ಟಬೇಡಿ. ಅದು ತನ್ನ ಕೆಲಸ ಮಾಡಿದೆ, ಓದಬೇಕಾದದ್ದು ನೀವು.

ಅರ್ಜಿ ಹಾಕಲು ಶುರು ಮಾಡುವ ಮುನ್ನ ಎರಡೂ ಶಾಲೆಗಳಿಂದ ಅನುಭವ ಪ್ರಮಾಣಪತ್ರ ಪಡೆದು, ಅದರಲ್ಲಿರುವ ದಿನಾಂಕಗಳನ್ನೇ ರೆಸ್ಯೂಮೆಗೆ ಇಳಿಸಿ. ಜಮಖಂಡಿಯ ಶಾಲೆಯ ಆಡಳಿತ ಮಂಡಳಿ 2020ರಲ್ಲಿ ನಿಮ್ಮನ್ನು ಯಾವ ತಾರೀಖಿಗೆ ಬಿಡುಗಡೆ ಮಾಡಿದೆ ಎಂದು ದಾಖಲಿಸಿದೆ ಎಂಬುದು ನಿಮ್ಮ ನೆನಪಿಗಿಂತ ಬೇರೆಯಾಗಿರಬಹುದು. ಹಾಗಿದ್ದರೆ ಕಾಗದದಲ್ಲಿರುವ ತಾರೀಖನ್ನೇ ಬರೆಯಿರಿ.